ಅಪ್ಪನ ಕಾಲಿನ ಬಯಾಪ್ಸಿ: ಹೊಲಿಗೆ ಬಿಚ್ಚಿದ ಮೇಲೆ ಗಾಯ ಬಾಯಿ ಬಿಟ್ಟಿದೆ, ವರದಿಯಲ್ಲಿ ‘ಇನ್ನೂ ಆಳವಾಗಿ ತೆಗೆಯಿರಿ’ ಎಂದಿದೆ

ಹೊಳಲ್ಕೆರೆಯ ಮಗಳು

ತಿಳಿದವರು ದಯವಿಟ್ಟು ಹೇಳಿ. ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ.

ಅಪ್ಪನಿಗೆ 62 ವರ್ಷ, ಅಡಿಕೆ ತೋಟದ ಕೆಲಸ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಬಲಗಾಲಿನಲ್ಲಿ ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ ಅಂಗೈಯಗಲದ ಚರ್ಮ ಕೆಲವು ವರ್ಷಗಳಿಂದ ದಪ್ಪಗಾಗಿ ನೇರಳೆ ಮಿಶ್ರಿತ ಕಪ್ಪು ಬಣ್ಣಕ್ಕೆ ತಿರುಗಿದೆ. ತುರಿಕೆ ಎಂದರೆ ರಾತ್ರಿ ಎದ್ದು ಕೂರುವಷ್ಟು. ಇಸುಬು ಇರಬೇಕೆಂದು ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬನ್ನೇ ಹಚ್ಚುತ್ತಾ ಬಂದರು. ಕೊನೆಗೆ ದಾವಣಗೆರೆಯ ಒಂದು ಚರ್ಮರೋಗ ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಬಯಾಪ್ಸಿ ಮಾಡಿ ಎರಡು ಹೊಲಿಗೆ ಹಾಕಿದರು.

ಮೊದಲನೆಯ ಚಿಂತೆ ಹೊಲಿಗೆಯದು. ವಾರ ಕಳೆಯುತ್ತಿದ್ದಂತೆ ಊರಿನ ಕಾಂಪೌಂಡರ್ ಹೊಲಿಗೆ ಬಿಚ್ಚಿದರು. ಮರುದಿನ ತೋಟಕ್ಕೆ ಹೋಗಿ ಬಂದಾಗ ಗಾಯ ಬಾಯಿ ಬಿಟ್ಟಿತ್ತು. ಒಳಗೆ ಕೆಂಪಗೆ ಕಾಣುತ್ತದೆ, ಕೀವಿಲ್ಲ.

ಎರಡನೆಯದು ವರದಿ. ಕೊನೆಯಲ್ಲಿ ಹೀಗಿದೆ: ‘ಹೈಪರ್‌ಟ್ರೋಫಿಕ್ ಲೈಕೆನ್ ಪ್ಲೇನಸ್‌ಗೆ ಹೊಂದುವ ಲಕ್ಷಣಗಳು. ಸೂಡೋಎಪಿಥೀಲಿಯೋಮ್ಯಾಟಸ್ ಹೈಪರ್‌ಪ್ಲೇಸಿಯಾ ಇದೆ. ತುಣುಕು ಮೇಲುಮೇಲಿನದು, ತಳ ಕಾಣುವುದಿಲ್ಲ. ಸಂಶಯವಿದ್ದರೆ ಆಳವಾದ ಬಯಾಪ್ಸಿ ಸೂಕ್ತ. ಕ್ಲಿನಿಕಲ್ ಕೋರಿಲೇಶನ್ ಅಗತ್ಯ.’ ತಮ್ಮ ಇದನ್ನು ಮೊಬೈಲಿನಲ್ಲಿ ಹುಡುಕಿದ, ಕ್ಯಾನ್ಸರ್ ಎಂದು ಬಂತು. ಅಪ್ಪ ಇನ್ನೊಮ್ಮೆ ಕೊಯ್ಯಿಸಿಕೊಳ್ಳುವುದಿಲ್ಲ ಎನ್ನುತ್ತಿದ್ದಾರೆ. ಮತ್ತೆ ಮಾಡಿಸಲೇಬೇಕೇ?

ಭರಮಸಾಗರದ ಅಣ್ಣ

ತಂಗಿ, ದಯವಿಟ್ಟು ಬೇಡ. ಗಂಟಿಗೆ ಕತ್ತಿ ತಾಗಿಸಿದರೆ ಅದು ಕೆರಳಿ ಹರಡುತ್ತದೆ. ನಮ್ಮ ದೊಡ್ಡಪ್ಪನಿಗೆ ಹೀಗೆಯೇ ಆಯಿತು. ಬಯಾಪ್ಸಿ ಮಾಡಿಸಿದರು, ವರ್ಷದೊಳಗೆ ತೀರಿಕೊಂಡರು.

ಹದಡಿ ರಸ್ತೆ

ಏಳು ದಿನಕ್ಕೆ ಹೊಲಿಗೆ ಬಿಚ್ಚುವುದು ಸರಿಯಾದ ಕ್ರಮವೇ. ನನ್ನ ಕೆನ್ನೆಯ ಮೇಲಿನ ಮಚ್ಚೆ ತೆಗೆದಾಗ ಐದನೇ ದಿನಕ್ಕೇ ಬಿಚ್ಚಿದ್ದರು, ಗುರುತೂ ಉಳಿದಿಲ್ಲ. ನಿಮ್ಮ ತಂದೆಗೆ ಸಕ್ಕರೆ ಹೆಚ್ಚಿರಬೇಕು, ಅದಕ್ಕೇ ಬಿಟ್ಟುಕೊಂಡಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ತೊಳೆದು ಮತ್ತೆ ಹೊಲಿಸಿಬಿಡಿ.

ನಿವೃತ್ತ ಸಿಸ್ಟರ್

ಹದಡಿ ರಸ್ತೆಯವರೇ, ಮುಖದ ಲೆಕ್ಕವನ್ನು ಕಾಲಿಗೆ ಹಾಕಬೇಡಿ. ಮುಖಕ್ಕೆ ರಕ್ತದ ಹರಿವು ಧಾರಾಳ, ಐದರಿಂದ ಏಳು ದಿನ ಸಾಕು. ಎದೆ, ಬೆನ್ನು, ತೋಳಿಗೆ 10ರಿಂದ 14 ದಿನ. ಮೊಣಕಾಲಿನ ಕೆಳಗಾದರೆ 14 ದಿನವಾದರೂ ಬೇಕು. ವಯಸ್ಸಾದವರು, ಸಕ್ಕರೆ ಇರುವವರು, ಪಾದ ಊದುವವರಾದರೆ ಮೂರು ವಾರಕ್ಕೂ ಬಿಡುತ್ತೇವೆ. ಮೇಲೆ ಕೂಡಿಕೊಂಡಂತೆ ಕಂಡರೂ ಒಳಗೆ ಬಲ ಬಂದಿರುವುದಿಲ್ಲ. ಎರಡು ವಾರದ ಗಾಯಕ್ಕೆ ಮೊದಲಿನ ಚರ್ಮದ ಬಲದಲ್ಲಿ ಹತ್ತರಲ್ಲೊಂದು ಪಾಲು ಬಂದಿದ್ದರೆ ಹೆಚ್ಚು. ಅಂಥದ್ದರಲ್ಲಿ ವಾರಕ್ಕೇ ದಾರ ಎಳೆದು, ಮರುದಿನ ತೋಟದಲ್ಲಿ ಕುಕ್ಕರಗಾಲಲ್ಲಿ ಕುಳಿತರೆ ಬಿಚ್ಚಿಕೊಳ್ಳದೆ ಇನ್ನೇನಾಗುತ್ತದೆ?

ಮಗಳೇ, ಗಾಬರಿ ಬೇಡ. ಬಿಟ್ಟುಕೊಂಡ ಗಾಯವನ್ನು ತಡವಾಗಿ ಮತ್ತೆ ಹೊಲಿಯುವುದಿಲ್ಲ, ಒಳಗೆ ಕ್ರಿಮಿಗಳನ್ನು ಮುಚ್ಚಿಟ್ಟಂತಾಗುತ್ತದೆ. ಅದು ತಳದಿಂದ ತಾನೇ ತುಂಬಿಕೊಂಡು ಬರಲಿ. ಅಷ್ಟು ಚಿಕ್ಕ ಗಾಯಕ್ಕೆ ಕಾಲಿನಲ್ಲಾದರೆ ಕೆಲವು ವಾರ ಹಿಡಿಯುತ್ತದೆ. ಒಳಗೆ ಕಾಣುವ ಕೆಂಪು ಹೊಸ ಮಾಂಸ, ಒಳ್ಳೆಯ ಲಕ್ಷಣ. ದಿನಕ್ಕೊಮ್ಮೆ ಸಾಬೂನು, ಶುದ್ಧ ನೀರಿನಲ್ಲಿ ತೊಳೆಯಿರಿ. ಒತ್ತಿ ಒರೆಸಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಅಂಟದ ಗಾಜ್ ಇಟ್ಟು ಕಟ್ಟಿ. ಗಾಯ ಒಣಗಬೇಕು ಎಂದು ತೆರೆದಿಡಬೇಡಿ, ಹಸಿಯಾಗಿದ್ದರೇ ಬೇಗ ತುಂಬುತ್ತದೆ. ಪೆರಾಕ್ಸೈಡ್ ಬೇಡವೇ ಬೇಡ, ಅದು ಹೊಸ ಮಾಂಸವನ್ನೂ ಸುಡುತ್ತದೆ. ಅರಿಶಿನ, ಕಾಫಿಪುಡಿ, ಪೌಡರ್ ಯಾವುದನ್ನೂ ತುಂಬಬೇಡಿ. ಕುಳಿತಾಗ ಕಾಲನ್ನು ಸ್ಟೂಲಿನ ಮೇಲಿಡಲಿ.

ಸುತ್ತ ಕೆಂಪು ದಿನದಿಂದ ದಿನಕ್ಕೆ ಅಗಲವಾದರೆ, ಇಳಿಯಬೇಕಾದ ನೋವು ಏರಿದರೆ, ಕೀವು, ದುರ್ವಾಸನೆ, ಜ್ವರ ಬಂದರೆ ಅಂದೇ ವೈದ್ಯರಿಗೆ ತೋರಿಸಿ.

ಹದಡಿ ರಸ್ತೆ

ಸಿಸ್ಟರ್, ಮುಖದ ವಿಷಯ ಒಪ್ಪುತ್ತೇನೆ. ಆದರೆ ಸಕ್ಕರೆಯಿಂದ ಗಾಯ ಮಾಯುವುದು ನಿಧಾನ ಎನ್ನುವುದೂ ಸುಳ್ಳಲ್ಲವಲ್ಲ?

ನಿವೃತ್ತ ಸಿಸ್ಟರ್

ಸುಳ್ಳಲ್ಲ. ಅದಕ್ಕೇ ಇನ್ನೂ ಹೆಚ್ಚು ದಿನ ಹೊಲಿಗೆ ಇರಬೇಕಿತ್ತು ಎನ್ನುತ್ತಿರುವುದು.

ಹಿರಿಯೂರಿನವ

ನನಗೂ ಬಯಾಪ್ಸಿ ಆಗಿದೆ. ಮುಂದೋಳಿನ ಮೇಲೆ ಬಿಳಿಚಿಕೊಂಡ ಮಚ್ಚೆ ಇತ್ತು, ಅಲ್ಲಿ ಬಿಸಿನೀರು ಬಿದ್ದರೂ ತಿಳಿಯುತ್ತಿರಲಿಲ್ಲ. ವರದಿಯಲ್ಲಿ ‘ಫೈಟ್ ಸ್ಟೇನ್‌ನಲ್ಲಿ ಬ್ಯಾಸಿಲ್ಲೈ ಕಂಡುಬಂದಿಲ್ಲ’ ಎಂದು ಸ್ಪಷ್ಟವಾಗಿ ಬರೆದಿದ್ದರು. ಆದರೂ ವೈದ್ಯರು ಕುಷ್ಠ ಎಂದೇ ಹೇಳಿ ಮಾತ್ರೆ ಶುರು ಮಾಡಿಸಿದರು. ರೋಗಾಣುವೇ ಇಲ್ಲದ ಮೇಲೆ ರೋಗ ಹೇಗೆ? ಹಾಗಾಗಿ ಈ ವರದಿಗಳನ್ನು ನಂಬಬೇಕೋ ವೈದ್ಯರನ್ನು ನಂಬಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಮೇಡಂ ನೀವೂ ಎರಡು ಕಡೆ ಕೇಳಿ.

ಪ್ಯಾರಾಫಿನ್

ದಾವಣಗೆರೆಯ ಒಂದು ಪ್ರಯೋಗಾಲಯದಲ್ಲಿ ಬಯಾಪ್ಸಿ ತುಣುಕುಗಳನ್ನು ಸ್ಲೈಡ್ ಮಾಡುವುದೇ ನನ್ನ ಕೆಲಸ. ವರದಿ ಬರೆಯುವವನು ನಾನಲ್ಲ, ಆದರೆ ತುಣುಕು ಡಬ್ಬಿಯಿಂದ ಗಾಜಿಗೆ ಹೋಗುವವರೆಗೂ ನನ್ನ ಕೈಯಲ್ಲೇ ಇರುತ್ತದೆ.

ಮೇಡಂ, ವರದಿಯ ಕೊನೆಯ ಸಾಲನ್ನು ಎಲ್ಲರೂ ಓದುತ್ತಾರೆ, ಮೊದಲ ಸಾಲನ್ನು ಯಾರೂ ಓದುವುದಿಲ್ಲ. ಮೇಲ್ಗಡೆ ‘ಗ್ರಾಸ್’ ಎಂದು ಇರುತ್ತದೆ, ಪಕ್ಕದಲ್ಲಿ ಮೂರು ಅಳತೆ. ಅದನ್ನು ಇಲ್ಲಿ ಹಾಕಿ. ಹಾಗೆಯೇ ‘ಕ್ಲಿನಿಕಲ್ ಡೀಟೇಲ್ಸ್’ ಎಂಬಲ್ಲಿ ಏನು ಬರೆದಿದೆ ಎಂಬುದನ್ನೂ.

ಹೊಳಲ್ಕೆರೆಯ ಮಗಳು

ಗ್ರಾಸ್: ‘ಚರ್ಮದ ಒಂದು ತುಣುಕು, 0.4 x 0.4 x 0.2 ಸೆಂ.ಮೀ.’ ಕ್ಲಿನಿಕಲ್ ಡೀಟೇಲ್ಸ್: ‘ಬಲಗಾಲಿನ ಪ್ಲಾಕ್.’ ಅಷ್ಟೇ.

ಪ್ಯಾರಾಫಿನ್

ನಿಮ್ಮ ಪ್ರಶ್ನೆಗೆ ಉತ್ತರ ಆ ಮೂರನೆಯ ಅಂಕಿಯಲ್ಲಿದೆ. 0.4 ಎಂಬುದು ಅಗಲ, ಅಂದರೆ ತಿರುಗಿಸಿ ದುಂಡಗಿನ ತುಣುಕು ತೆಗೆಯುವ 4 ಮಿಲಿಮೀಟರಿನ ಪಂಚ್ ಹಾಕಿದ್ದಾರೆ, ಅದು ಎಲ್ಲರೂ ಬಳಸುವ ಅಳತೆಯೇ. 0.2 ಎಂಬುದು ಆಳ, ಎರಡೇ ಮಿಲಿಮೀಟರ್. ಫಾರ್ಮಲಿನ್‌ನಲ್ಲಿ ತುಣುಕು ಸ್ವಲ್ಪ ಕುಗ್ಗುತ್ತದೆ ಎಂದುಕೊಂಡರೂ ಕಡಿಮೆಯೇ. ನಿಮ್ಮ ತಂದೆಯವರ ಚರ್ಮ ಅಲ್ಲಿ ಹಲವು ಪಟ್ಟು ದಪ್ಪಗಾಗಿದೆ. ಎರಡು ಮಿಲಿಮೀಟರಿನಲ್ಲಿ ಬಹುಪಾಲು ಮೇಲಿನ ಒರಟು ಪದರವೇ ಬಂದಿರುತ್ತದೆ. ಪಂಚ್ ಸರಿಯಾಗಿ ಇಳಿದಿದ್ದರೆ ತುಣುಕಿನ ತುದಿಯಲ್ಲಿ ಹಳದಿ ಕೊಬ್ಬು ಬರಿಗಣ್ಣಿಗೇ ಕಾಣುತ್ತದೆ. ಹಾಗೆ ಕಂಡರೆ ಸಾಕಷ್ಟು ಆಳ ಸಿಕ್ಕಿದೆ ಎಂದು ಡಬ್ಬಿ ತೆರೆದ ಕೂಡಲೇ ನಮಗೆ ಗೊತ್ತಾಗುತ್ತದೆ.

ಒಂದು ಸಲಹೆ. ತುಣುಕನ್ನು ಮೇಣದೊಳಗೆ ಕೂರಿಸಿ ಬ್ಲಾಕ್ ಮಾಡುತ್ತೇವೆ, ಅದರಿಂದ ನಾಲ್ಕೈದು ಮೈಕ್ರಾನಿನ ಹಾಳೆಗಳನ್ನು ಕೊಯ್ಯುತ್ತೇವೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್, ಆದ್ದರಿಂದ ಮೊದಲ ಸ್ಲೈಡಿಗೆ ಹೋದದ್ದು ತುಣುಕಿನ ಅತ್ಯಲ್ಪ ಭಾಗ. ಬ್ಲಾಕ್ ಪ್ರಯೋಗಾಲಯದಲ್ಲೇ ಇರುತ್ತದೆ. ಇನ್ನೊಮ್ಮೆ ಕಾಲು ಕೊಯ್ಯಿಸುವ ಮೊದಲು ಅದೇ ಬ್ಲಾಕಿನಿಂದ ಇನ್ನಷ್ಟು ಸೆಕ್ಷನ್ ತೆಗೆದು ನೋಡಿ ಎಂದು ಕೇಳಿ. ಕೆಲವೊಮ್ಮೆ ತುಣುಕು ನೆಟ್ಟಗೆ ನಿಲ್ಲದೆ ವಾಲಿಕೊಂಡಿರುತ್ತದೆ, ಆಗ ಪದರಗಳು ಓರೆಯಾಗಿ ಕತ್ತರಿಸಿ ಇಲ್ಲದ ಗೊಂದಲ ಹುಟ್ಟುತ್ತದೆ. ತಿರುಗಿಸಿ ಕೂರಿಸಿದರೆ ಎಷ್ಟೋ ಸಲ ತಿಳಿಯಾಗಿದೆ.

ದುರ್ಗದ ಚರ್ಮವೈದ್ಯೆ

ಪ್ಯಾರಾಫಿನ್ ಅವರೇ, ನಿಮ್ಮ ಸಲಹೆ ಬಹಳ ಸಲ ಸರಿ, ಇಲ್ಲಿ ಸಾಲದು. ವಾಲಿಕೊಂಡದ್ದನ್ನು ನೆಟ್ಟಗೆ ಮಾಡಬಹುದು. ಆದರೆ ತಳವೇ ಡಬ್ಬಿಗೆ ಬಾರದಿದ್ದರೆ ಬ್ಲಾಕನ್ನು ಕೊನೆಯವರೆಗೂ ಕೊಯ್ದರೂ ತಳ ಸಿಗುವುದಿಲ್ಲ. ಐವತ್ತು ಅಡಿಗೆ ಬೋರ್‌ವೆಲ್ ನಿಲ್ಲಿಸಿ, ಮೇಲೆ ಬಂದ ಮಣ್ಣನ್ನು ಎಷ್ಟು ಜರಡಿ ಹಿಡಿದರೂ ಕೆಳಗೆ ನೀರಿದೆಯೇ ಎಂದು ಹೇಳಲಾಗದು.

ಹೊಳಲ್ಕೆರೆಯವರೇ, ನಿಮ್ಮ ವರದಿಯನ್ನು ನಾನು ಓದುವ ಬಗೆ ಹೇಳುತ್ತೇನೆ. ಕಣಕಾಲಿನ ಮುಂದೆ ದಪ್ಪ, ನೇರಳೆಗಪ್ಪು, ವಿಪರೀತ ತುರಿಕೆ, ವರ್ಷಗಟ್ಟಲೆ ಇರುವುದು. ಇದು ಹೈಪರ್‌ಟ್ರೋಫಿಕ್ ಲೈಕೆನ್ ಪ್ಲೇನಸ್ ಬರುವ ಜಾಗ, ಅದರದೇ ಚಹರೆ. ಅದು ಅಂಟುರೋಗವಲ್ಲ, ಕ್ಯಾನ್ಸರೂ ಅಲ್ಲ. ಈ ರೋಗದಲ್ಲಿ ತುರಿಸಿ ತುರಿಸಿ ಚರ್ಮದ ಮೇಲಿನ ಪದರ ಕೆಳಕ್ಕೆ ನಾಲಿಗೆಗಳಂತೆ ಇಳಿಯುತ್ತದೆ. ನಿಮ್ಮ ತಮ್ಮನನ್ನು ಹೆದರಿಸಿದ ಆ ಉದ್ದನೆಯ ಹೆಸರು ಅದಕ್ಕೆ ಇಟ್ಟದ್ದು. ತೊಡಕಿರುವುದು ಇಲ್ಲಿ: ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲೂ ಮೇಲಿನ ಪದರ ಹೀಗೆಯೇ ಕೆಳಕ್ಕೆ ಇಳಿಯುತ್ತದೆ. ಮೇಲ್ಭಾಗದ ಎರಡು ಮಿಲಿಮೀಟರಿನಲ್ಲಿ ಎರಡೂ ಒಂದೇ ತರಹ ಕಾಣಬಹುದು. ಒಂದರಲ್ಲಿ ಆ ನಾಲಿಗೆಗಳು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತವೆ, ಅಲ್ಲಿನ ಜೀವಕೋಶಗಳು ಶಿಸ್ತಾಗಿರುತ್ತವೆ. ಇನ್ನೊಂದರಲ್ಲಿ ತುದಿ ಒಡೆದು ಬಿಡಿಬಿಡಿ ಗುಂಪುಗಳಾಗಿ ಆಳಕ್ಕೆ ನುಗ್ಗುತ್ತವೆ. ಆ ವ್ಯತ್ಯಾಸ ಗೊತ್ತಾಗುವುದು ತಳದಲ್ಲಿ. ಪೆಥಾಲಜಿಸ್ಟ್ ‘ತಳ ಕಾಣುವುದಿಲ್ಲ’ ಎಂದಿರುವುದು ಕ್ಯಾನ್ಸರ್ ಎಂದಲ್ಲ. ತಮಗೆ ಕಂಡಷ್ಟಕ್ಕೆ ಮಾತ್ರ ಹೊಣೆ ಹೊತ್ತಿದ್ದಾರೆ, ಅದು ಪ್ರಾಮಾಣಿಕ ವರದಿ.

ಹಾಗೆಂದು ಆ ಸಾಲು ಇದ್ದವರಿಗೆಲ್ಲ ಎರಡನೇ ಬಯಾಪ್ಸಿ ಮಾಡುವುದಿಲ್ಲ. ‘ಸಂಶಯವಿದ್ದರೆ’ ಎಂದು ಬರೆದಿದ್ದಾರಲ್ಲ, ಆ ಸಂಶಯ ಕಾಲನ್ನು ನೋಡಿದವರಿಗೆ ಬರಬೇಕು. ಆದ್ದರಿಂದ ಕೇಳುತ್ತೇನೆ: ಆ ದಪ್ಪ ಜಾಗದ ಯಾವುದಾದರೂ ಒಂದು ಭಾಗ ಈಚೆಗೆ ಬೇರೆಯಾಗಿ ಬೆಳೆದಿದೆಯೇ? ಗಟ್ಟಿಯಾಗಿದೆಯೇ, ಹುಣ್ಣಾಗಿದೆಯೇ, ಸುಮ್ಮನೆ ತಾಗಿದರೆ ರಕ್ತ ಬರುತ್ತದೆಯೇ? ತುರಿಕೆಯ ಬದಲು ಅಲ್ಲಿ ನೋವಿದೆಯೇ?

ಬೆಣ್ಣೆ ದೋಸೆ

ಓದುತ್ತಾ ಮೈ ಜುಮ್ಮೆಂದಿತು. ನನಗೆ ಮುಂದಿನ ವಾರ ಬೆನ್ನಿನ ಬಯಾಪ್ಸಿ ಇದೆ. ಎಷ್ಟು ನೋವಾಗುತ್ತದೆ, ಯಾರಾದರೂ ನಿಜ ಹೇಳಿ.

ಹಿರಿಯೂರಿನವ

ಮರಗಟ್ಟಿಸುವ ಸೂಜಿ ಚುಚ್ಚಿದಾಗ ಉರಿಯುತ್ತದೆ, ಹತ್ತಿಪ್ಪತ್ತು ಎಣಿಸುವಷ್ಟು ಹೊತ್ತು. ಅನಂತರ ಪೆನ್ನಿನಂಥದ್ದನ್ನು ಚರ್ಮದ ಮೇಲಿಟ್ಟು ತಿರುಗಿಸುತ್ತಾರೆ, ಒತ್ತಿದಂತೆ ಅನಿಸುತ್ತದೆ ಅಷ್ಟೇ. ಕತ್ತರಿಯ ಸದ್ದು ಕೇಳಿಸಿತು, ನೋವು ಇರಲಿಲ್ಲ. ನಾನು ಮುಗಿಸಿಕೊಂಡು ಬಸ್ಸಿನಲ್ಲೇ ಊರಿಗೆ ಬಂದೆ.

ದುರ್ಗದ ಚರ್ಮವೈದ್ಯೆ

ಉರಿಯುವುದು ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಆಮ್ಲೀಯವಾಗಿರುವುದರಿಂದ, ನಿಧಾನವಾಗಿ ಕೊಟ್ಟರೆ ಕಡಿಮೆ. ಜೊತೆಯಲ್ಲಿ ಅಡ್ರಿನಲಿನ್ ಇದ್ದರೆ ಕೆಲವು ನಿಮಿಷ ಕಾಯುತ್ತಾರೆ, ರಕ್ತನಾಳಗಳು ಕುಗ್ಗಿ ರಕ್ತಸ್ರಾವ ತಗ್ಗುತ್ತದೆ. ನೀವು ಆಸ್ಪಿರಿನ್ ಅಥವಾ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಇಷ್ಟು ಚಿಕ್ಕ ಗಾಯದ ರಕ್ತವನ್ನು ಒತ್ತಿ ನಿಲ್ಲಿಸಬಹುದು, ಮಾತ್ರೆ ಬಿಟ್ಟು ಆಗುವ ಹೃದಯಾಘಾತವನ್ನು ನಿಲ್ಲಿಸಲಾಗದು. ಮನೆಗೆ ಹೋದ ಮೇಲೆ ರಕ್ತ ಜಿನುಗಿದರೆ ಬಟ್ಟೆ ಎತ್ತಿ ಎತ್ತಿ ನೋಡದೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಒತ್ತಿ ಹಿಡಿಯಿರಿ.

ಹಿರಿಯೂರಿನವರೇ, ನಿಮ್ಮ ವೈದ್ಯರು ಹೇಳಿದ್ದು ಸರಿ. ಕೆಲವು ಬಗೆಯ ಕುಷ್ಠದಲ್ಲಿ ದೇಹದ ಪ್ರತಿರೋಧ ಚೆನ್ನಾಗಿರುವುದರಿಂದ ರೋಗಾಣುಗಳು ಅತಿ ವಿರಳ, ಸ್ಟೇನ್‌ನಲ್ಲಿ ಕಾಣುವುದೇ ಅಪರೂಪ. ಅಲ್ಲಿ ನಾವು ನೋಡುವುದು ನರದ ಸುತ್ತ ಗ್ರಾನ್ಯುಲೋಮಾ, ಅಂದರೆ ಉರಿಯೂತದ ಜೀವಕೋಶಗಳ ಗುಂಪು, ಇದೆಯೇ ಎಂದು, ಮತ್ತು ಆ ಮಚ್ಚೆಯಲ್ಲಿ ಸ್ಪರ್ಶ ಹೋಗಿದೆಯೇ ಎಂದು. ಬಿಸಿನೀರು ತಿಳಿಯುತ್ತಿರಲಿಲ್ಲ ಎಂದು ನೀವೇ ಬರೆದಿದ್ದೀರಿ. ನಿಮ್ಮ ವರದಿಯಲ್ಲಿ ಗ್ರಾನ್ಯುಲೋಮಾ ಎಂಬ ಪದ ಇದೆಯೇ ನೋಡಿ. ಮಾತ್ರೆಗಳನ್ನು ಪೂರ್ತಿ ಮುಗಿಸಿದಿರಿ ತಾನೇ?

ಹಿರಿಯೂರಿನವ

ಮುಗಿಸಿದ್ದೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿಯೇ ಕೊಟ್ಟರು. ವರದಿ ತೆಗೆದು ನೋಡಿದೆ, ‘ಪೆರಿನ್ಯೂರಲ್ ಗ್ರಾನ್ಯುಲೋಮಾ’ ಎಂದಿದೆ ಮೇಡಂ. ಇಷ್ಟು ದಿನ ಕೊನೆಯ ಸಾಲನ್ನಷ್ಟೇ ಓದುತ್ತಿದ್ದೆ.

ಭರಮಸಾಗರದ ಅಣ್ಣ

ಡಾಕ್ಟರೇ, ನನ್ನ ಮಾತಿಗೆ ನೀವು ಉತ್ತರಿಸಲಿಲ್ಲ. ಹರಡುವುದಿಲ್ಲ ಎಂದು ಗ್ಯಾರಂಟಿ ಕೊಡುತ್ತೀರಾ?

ದುರ್ಗದ ಚರ್ಮವೈದ್ಯೆ

ಅಣ್ಣ, ನಿಮ್ಮ ದೊಡ್ಡಪ್ಪನವರನ್ನು ಕಳೆದುಕೊಂಡದ್ದಕ್ಕೆ ವಿಷಾದವಿದೆ. ಅವರ ಕಾಯಿಲೆ ಏನಿತ್ತು, ಎಷ್ಟು ಮುಂದುವರಿದಿತ್ತು ಎಂಬುದು ನನಗೆ ತಿಳಿಯದು. ನಮ್ಮಲ್ಲಿ ಬಹಳ ಜನ ಬಯಾಪ್ಸಿಗೆ ಬರುವುದೇ ಗಂಟು ದೊಡ್ಡದಾದ ಮೇಲೆ. ಅಷ್ಟರಲ್ಲಿ ರೋಗ ತನ್ನ ದಾರಿ ಹಿಡಿದಿರುತ್ತದೆ, ಆಪಾದನೆ ಮಾತ್ರ ಸೂಜಿಯ ಮೇಲೆ ಬರುತ್ತದೆ. ಚರ್ಮದ ತುಣುಕು ತೆಗೆದದ್ದರಿಂದ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಮೈಯೆಲ್ಲ ಹರಡುವುದಿಲ್ಲ. ಎಲ್ಲ ದೇಶಗಳಲ್ಲೂ ಅದರ ಚಿಕಿತ್ಸೆ ಆರಂಭವಾಗುವುದೇ ಬಯಾಪ್ಸಿಯಿಂದ. ಹಾನಿಯಾಗುವುದು ತಿಳಿಯದೆ ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತಾ ಕೂರುವುದರಿಂದ.

ಭರಮಸಾಗರದ ಅಣ್ಣ

ಓದಿದೆ. ಆದರೂ ಮನಸ್ಸು ಒಪ್ಪುತ್ತಿಲ್ಲ. ನಮ್ಮ ಕಣ್ಣ ಮುಂದೆ ಆದದ್ದು.

ಹೊಳಲ್ಕೆರೆಯ ಮಗಳು

ಡಾಕ್ಟರ್, ನೀವು ಕೇಳಿದ್ದಕ್ಕೆ ಅಪ್ಪನ ಪಂಚೆ ಸರಿಸಿ ಮತ್ತೆ ನೋಡಿದೆ. ದಪ್ಪ ಜಾಗದ ಕೆಳ ಅಂಚಿನಲ್ಲಿ ಕಡಲೆಕಾಳಿಗಿಂತ ದೊಡ್ಡದಾದ ಒಂದು ಉಬ್ಬು ಇದೆ. ಮುಟ್ಟಿದರೆ ಉಳಿದ ಭಾಗಕ್ಕಿಂತ ಗಟ್ಟಿ. ಮೇಲೆ ಹಕ್ಕಳೆ, ಅದು ಉದುರಿದಾಗ ರಕ್ತ ಒಸರುತ್ತದೆ. ಬೇಸಿಗೆಯಲ್ಲಿ ಇರಲಿಲ್ಲ, ಮಳೆಗಾಲ ಶುರುವಾದ ಮೇಲೆ ಬಂದದ್ದು ಎಂದು ಅಮ್ಮ ಹೇಳುತ್ತಾರೆ. ತೋಟದಲ್ಲಿ ಗರಿ ತಾಗಿರಬೇಕು ಎಂದುಕೊಂಡು ಅಪ್ಪ ಕ್ಲಿನಿಕ್‌ನಲ್ಲಿ ಅದರ ಮಾತೇ ಎತ್ತಿರಲಿಲ್ಲವಂತೆ. ಹೊಲಿಗೆ ಹಾಕಿದ ಜಾಗ ಮೇಲ್ಗಡೆ ಇದೆ, ಇದರಿಂದ ನಾಲ್ಕು ಬೆರಳು ದೂರ.

ದುರ್ಗದ ಚರ್ಮವೈದ್ಯೆ

ಹಾಗಾದರೆ ನನ್ನ ಉತ್ತರ ನೇರವಾಗಿದೆ: ಎರಡನೇ ಬಯಾಪ್ಸಿ ಬೇಕು, ಆ ಉಬ್ಬಿನಿಂದಲೇ ಬೇಕು. ಮೊದಲ ವರದಿ ಮೇಲ್ಗಡೆಯ ಚರ್ಮದ ಬಗ್ಗೆ ಹೇಳಿದ್ದು ನಿಜವೇ ಇರಬಹುದು, ಅದು ಈ ಉಬ್ಬಿನ ಬಗ್ಗೆ ಏನನ್ನೂ ಹೇಳಿಲ್ಲ. ಬಹಳ ವರ್ಷ ಉಳಿದ ಈ ಬಗೆಯ ಲೈಕೆನ್ ಪ್ಲೇನಸ್‌ನಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಹುಟ್ಟುವುದುಂಟು. ಹೊಸದಾಗಿ ಬೆಳೆದ, ಗಟ್ಟಿಯಾದ, ರಕ್ತ ಒಸರುವ ಉಬ್ಬನ್ನು ತುರಿಸಿಕೊಂಡದ್ದು ಎಂದು ಬಿಡಬಾರದು. ತುರಿಸಿಕೊಂಡದ್ದೇ ಇರಲೂಬಹುದು. ಫೋಟೋ ನೋಡಿ ಹೇಳುವಂಥದ್ದಲ್ಲ, ಇಲ್ಲಿ ಹಾಕಲೂ ಬೇಡಿ.

ಈ ಸಲ 4 ಮಿಲಿಮೀಟರಿನ ಪಂಚ್ ಬದಲು ಚಿಕ್ಕ ಬ್ಲೇಡಿನಿಂದ ದೋಣಿಯಾಕಾರದ ತುಣುಕನ್ನು ಕೊಬ್ಬಿನವರೆಗೂ ತೆಗೆಯುವುದು ಮೇಲು. ಉಬ್ಬಿನ ಅಂಚನ್ನೂ ಪಕ್ಕದ ಚರ್ಮವನ್ನೂ ಸೇರಿಸಿ ತೆಗೆಯಬೇಕು, ನಡುವಿನ ಹಕ್ಕಳೆಯನ್ನಷ್ಟೇ ಕಿತ್ತರೆ ಸತ್ತ ಜೀವಕೋಶಗಳೇ ಬರುತ್ತವೆ. ಒಳಗೊಂದು, ಮೇಲೊಂದು ಎಂದು ಎರಡು ಹಂತದ ಹೊಲಿಗೆ ಬೀಳಬಹುದು.

ಪ್ಯಾರಾಫಿನ್

ಕಳುಹಿಸುವ ಚೀಟಿಯಲ್ಲಿ ಈ ಸಲ ಎಲ್ಲವನ್ನೂ ಬರೆಯಿಸಿ. ವಯಸ್ಸು, ಎಷ್ಟು ವರ್ಷದಿಂದ ಇದೆ, ಉಬ್ಬು ಯಾವಾಗ ಬಂತು, ಯಾವ ಟ್ಯೂಬ್ ಹಚ್ಚುತ್ತಿದ್ದರು, ವೈದ್ಯರ ಅನುಮಾನ ಏನು, ಹಳೆಯ ವರದಿಯ ಸಂಖ್ಯೆ. ‘ಬಲಗಾಲಿನ ಪ್ಲಾಕ್’ ಎಂದಷ್ಟೇ ಬಂದರೆ ಸೂಕ್ಷ್ಮದರ್ಶಕದ ಮುಂದೆ ಕುಳಿತವರು ಕಣ್ಣು ಕಟ್ಟಿಕೊಂಡು ಹುಡುಕಬೇಕಾಗುತ್ತದೆ. ‘ಕ್ಲಿನಿಕಲ್ ಕೋರಿಲೇಶನ್ ಅಗತ್ಯ’ ಎಂದು ಅವರು ಬರೆಯುವುದು ಜಾರಿಕೊಳ್ಳಲಿಕ್ಕೆ ಎಂದು ಜನ ಬೈಯುತ್ತಾರೆ. ರೋಗಿಯನ್ನು ಕಣ್ಣಾರೆ ನೋಡದವರು ಬೇರೇನು ಬರೆಯಬೇಕು?

ತುಣುಕನ್ನು ಹಾಕಿದ ಡಬ್ಬಿಯನ್ನೂ ನೋಡಿ. ಶೇ 10ರ ಫಾರ್ಮಲಿನ್‌ನಲ್ಲಿ ಪೂರ್ತಿ ಮುಳುಗಿರಬೇಕು. ಫಾರ್ಮಲಿನ್ ಖಾಲಿಯಾಗಿದೆ ಎಂದು ಸಲೈನಿನಲ್ಲಿ ಹಾಕಿ, ಎರಡು ದಿನ ಬಿಟ್ಟು ಕಳುಹಿಸಿದ ತುಣುಕುಗಳು ನಮಗೆ ಬಂದಿವೆ. ಅಷ್ಟರಲ್ಲಿ ಜೀವಕೋಶಗಳು ಕೊಳೆತಿರುತ್ತವೆ, ಏನು ಬಣ್ಣ ಹಾಕಿದರೂ ಮಸುಕು. ರೋಗಿ ಮಾತ್ರ ಎರಡನೇ ಸಲ ಕೊಯ್ಯಿಸಿಕೊಳ್ಳಬೇಕು.

ಸಿರಿಗೆರೆ ಓದುಗ

ಪ್ಯಾರಾಫಿನ್ ಸರ್, ಸಲೈನಿನಲ್ಲಿ ಹಾಕುವುದು ತಪ್ಪು ಎಂದು ಸಾರಾಸಗಟಾಗಿ ಹೇಳಬೇಡಿ. ನಮ್ಮ ತಾಯಿಗೆ ಮೈಮೇಲೆ ನೀರುಗುಳ್ಳೆ ಎದ್ದಾಗ ಎರಡು ತುಣುಕು ತೆಗೆದರು. ಒಂದು ಫಾರ್ಮಲಿನ್‌ಗೆ, ಇನ್ನೊಂದು ಸಲೈನಿಗೆ. ಎರಡನೆಯದನ್ನು ಅಂದೇ ಲ್ಯಾಬಿಗೆ ಮುಟ್ಟಿಸಿ ಎಂದು ನನ್ನ ಕೈಗೇ ಕೊಟ್ಟರು.

ಪ್ಯಾರಾಫಿನ್

ಒಪ್ಪಿದೆ. ಅದು ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆ, ಅಲ್ಲಿ ಫಾರ್ಮಲಿನ್ ತಾಗಿದರೇ ಕೆಟ್ಟಿತು. ‘ಅಂದೇ ಮುಟ್ಟಿಸಿ’ ಎಂದರಲ್ಲ, ಅದೇ ಮುಖ್ಯ. ನಾನು ಹೇಳಿದ್ದು ಸಾಮಾನ್ಯ ಬಯಾಪ್ಸಿಯ ಮಾತು.

ಹದಡಿ ರಸ್ತೆ

ಟ್ಯೂಬಿನ ಮಾತು ಬಂತಲ್ಲ. ಸ್ಟೀರಾಯ್ಡ್ ಇರುವ ಮುಲಾಮು ಹಚ್ಚಿದ್ದರೆ ಬಯಾಪ್ಸಿ ತಪ್ಪು ಹೇಳುತ್ತದೆ, ಎರಡು ಮೂರು ವಾರ ನಿಲ್ಲಿಸಿಯೇ ಮಾಡಿಸಬೇಕು ಎಂದು ನಮ್ಮ ವೈದ್ಯರು ಹೇಳಿದ್ದರು. ಆದ್ದರಿಂದ ಮೇಡಂ, ಅವಸರ ಮಾಡದೆ ತಿಂಗಳು ಬಿಟ್ಟು ಹೋಗಿ.

ದುರ್ಗದ ಚರ್ಮವೈದ್ಯೆ

ಅರ್ಧ ಸರಿ. ಉರಿಯೂತದ ಕಾಯಿಲೆ ಯಾವುದೆಂದು ತಿಳಿಯಲು ಬಯಾಪ್ಸಿ ಮಾಡುವಾಗ ಮುಲಾಮು ನಿಲ್ಲಿಸಿ ಕಾಯುತ್ತೇವೆ, ಇಲ್ಲದಿದ್ದರೆ ಲಕ್ಷಣಗಳು ಅಳಿಸಿ ‘ನಿರ್ದಿಷ್ಟವಾಗಿ ಹೇಳಲಾಗದು’ ಎಂಬ ವರದಿ ಬರುತ್ತದೆ. ಕ್ಯಾನ್ಸರ್ ಇದೆಯೇ ಎಂದು ನೋಡಬೇಕಾದ ಉಬ್ಬಿಗೆ ಆ ಕಾಯುವಿಕೆ ಬೇಡ. ಮುಲಾಮು ಹಚ್ಚಿದರೆ ಕ್ಯಾನ್ಸರಿನ ಜೀವಕೋಶಗಳು ಮಾಯವಾಗುವುದಿಲ್ಲ. ಈ ವಾರವೇ ಹೋಗಲಿ. ಲೈಕೆನ್ ಪ್ಲೇನಸ್‌ಗೆ ಗಂಟಿನೊಳಕ್ಕೆ ಸ್ಟೀರಾಯ್ಡ್ ಸೂಜಿ ಕೊಡುವ ಪದ್ಧತಿ ಇದೆ, ವರದಿ ಬರುವವರೆಗೆ ಆ ಉಬ್ಬಿಗೆ ಅದೂ ಬೇಡ.

ಹೊಳಲ್ಕೆರೆಯ ಮಗಳು

ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ‘ಬೇರೆ ಜಾಗದ್ದು ತೆಗೆದು ಇದರದ್ದು ಹೇಗೆ ಹೇಳುತ್ತಾರೆ’ ಎಂದು ಅವರೇ ಕೇಳಿದರು, ಬರುತ್ತೇನೆ ಎಂದರು. ಸೋಮವಾರಕ್ಕೆ ಸಮಯ ತೆಗೆದುಕೊಂಡಿದ್ದೇನೆ. ಎರಡು ಸಂದೇಹ ಉಳಿದಿವೆ. ಬಾಯಿ ಬಿಟ್ಟ ಗಾಯ ಮಾಯುವ ಮೊದಲೇ ಹತ್ತಿರದಲ್ಲಿ ಇನ್ನೊಂದು ಕೊಯ್ಯಬಹುದೇ? ಅದೇ ಕ್ಲಿನಿಕ್‌ಗೆ ಹೋಗಬೇಕೇ, ದೊಡ್ಡ ಆಸ್ಪತ್ರೆಗೆ ಹೋಗಬೇಕೇ?

ನಿವೃತ್ತ ಸಿಸ್ಟರ್

ಹಳೆಯ ಗಾಯದಲ್ಲಿ ಸೋಂಕಿಲ್ಲದಿದ್ದರೆ ತೊಂದರೆಯಿಲ್ಲ, ಅದರ ಪಾಡಿಗೆ ಅದು ತುಂಬಿಕೊಳ್ಳುತ್ತದೆ. ಈ ಸಲ ಹೊಲಿಗೆ ಬಿಚ್ಚುವ ದಿನವನ್ನು ಚೀಟಿಯ ಮೇಲೆ ಬರೆಯಿಸಿಕೊಳ್ಳಿ, ಅದನ್ನು ಕಾಂಪೌಂಡರಿಗೆ ತೋರಿಸಿ. ಬಿಚ್ಚಿದ ಮೇಲೂ ಕೆಲವು ದಿನ ಕಾಗದದ ಟೇಪನ್ನು ಗಾಯಕ್ಕೆ ಅಡ್ಡಲಾಗಿ ಅಂಟಿಸಿದರೆ ಎಳೆತ ಬೀಳುವುದಿಲ್ಲ. ತೋಟಕ್ಕೆ ಆಳು ಮಾಡಿ, ಅಪ್ಪ ಕುಕ್ಕರಗಾಲಲ್ಲಿ ಕೂರಬಾರದು.

ಹದಡಿ ರಸ್ತೆ

ದೊಡ್ಡ ಆಸ್ಪತ್ರೆಗೇ ಹೋಗಿ. ಚಿಕ್ಕ ಕ್ಲಿನಿಕ್‌ನವರು ಒಮ್ಮೆ ಎಡವಿದ್ದಾರೆ.

ದುರ್ಗದ ಚರ್ಮವೈದ್ಯೆ

ಎಡವಿದ್ದಾರೆ ಎಂದು ನಾನು ಹೇಳಲಾರೆ. ಕಾಲಿನ ದಪ್ಪ ಚರ್ಮದಲ್ಲಿ ಪಂಚ್ ಆಳಕ್ಕೆ ಇಳಿಯದಿರುವುದು ಅನುಭವಿಗಳಿಗೂ ಆಗುತ್ತದೆ, ಉಬ್ಬಿನ ಸಂಗತಿ ಅವರಿಗೆ ತಿಳಿದೇ ಇರಲಿಲ್ಲ. ಮೊದಲು ನೋಡಿದವರಲ್ಲಿಗೇ ಹೋಗುವುದರಲ್ಲಿ ಲಾಭವಿದೆ. ಆದರೆ ಅವರಲ್ಲಿ ದೊಡ್ಡ ತುಣುಕು ತೆಗೆಯುವ ಅನುಕೂಲ ಇಲ್ಲದಿದ್ದರೆ, ದಾವಣಗೆರೆಯ ವೈದ್ಯಕೀಯ ಕಾಲೇಜುಗಳಲ್ಲಿ ಚರ್ಮರೋಗ ವಿಭಾಗವೂ ಪೆಥಾಲಜಿ ವಿಭಾಗವೂ ಒಂದೇ ಆವರಣದಲ್ಲಿ ಇರುತ್ತವೆ, ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ಸುಲಭ. ಎಲ್ಲಿಗೆ ಹೋದರೂ ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿದೆಯೇ ಎಂದು ಮುಟ್ಟಿ ನೋಡಲು ಹೇಳಿ.

ಪ್ಯಾರಾಫಿನ್

ಬೇರೆ ಕಡೆ ಹೋದರೆ ಹಳೆಯ ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಕೇಳಿ ಪಡೆಯಿರಿ. ರೋಗಿಗೆ ಕೊಡುತ್ತಾರೆ, ಒಂದು ಸಹಿ ಹಾಕಿಸಿಕೊಳ್ಳುತ್ತಾರೆ. ವರದಿಯ ಜೆರಾಕ್ಸ್ ತೋರಿಸಿದರೆ ಇನ್ನೊಬ್ಬ ಪೆಥಾಲಜಿಸ್ಟ್ ಅಭಿಪ್ರಾಯ ಕೊಡಲಾರರು, ಅವರಿಗೆ ಗಾಜೇ ಬೇಕು. ಬ್ಲಾಕನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ.

ಭರಮಸಾಗರದ ಅಣ್ಣ

ತಂಗಿ, ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ನಿನಗೆ ಅಡ್ಡ ಬರುವುದಿಲ್ಲ. ಸೋಮವಾರ ಹೆದ್ದಾರಿಯಲ್ಲಿ ಬರುವಾಗ ವಾಹನದ ಅಗತ್ಯವಿದ್ದರೆ ಇಲ್ಲಿಯೇ ಬರೆ, ನಾನೂ ಅಂದು ದಾವಣಗೆರೆ ಮಂಡಿಗೆ ಹೋಗುತ್ತೇನೆ. ಅಪ್ಪ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬಹುದು.

ಬೆಣ್ಣೆ ದೋಸೆ

ಪ್ಯಾರಾಫಿನ್ ಸರ್, ಒಂದು ಪ್ರಶ್ನೆ. ನನ್ನ ಬೆನ್ನಿನದ್ದೇ ಒಂದು ಬಯಾಪ್ಸಿ ಬಹಳ ಹಿಂದೆ ಬೇರೆ ಊರಿನಲ್ಲಿ ಆಗಿತ್ತು, ವರದಿ ಕಳೆದುಹೋಗಿದೆ. ಆ ಬ್ಲಾಕ್ ಈಗಲೂ ಸಿಗಬಹುದೇ?

ಪ್ಯಾರಾಫಿನ್

ಬ್ಲಾಕುಗಳನ್ನು ವರ್ಷಗಟ್ಟಲೆ ಇಡುತ್ತಾರೆ, ಎಷ್ಟು ವರ್ಷ ಎಂಬುದು ಆಯಾ ಪ್ರಯೋಗಾಲಯದ ಮೇಲೆ. ಹೆಸರು, ವರ್ಷ, ತೆಗೆದ ವೈದ್ಯರ ಹೆಸರು ಹೇಳಿ ಫೋನ್ ಮಾಡಿ, ರಿಜಿಸ್ಟರಿನಲ್ಲಿ ಹುಡುಕುತ್ತಾರೆ. ಸಿಕ್ಕಿದರೆ ಮುಂದಿನ ವಾರದ ಬಯಾಪ್ಸಿಗೆ ಮೊದಲೇ ನಿಮ್ಮ ವೈದ್ಯರಿಗೆ ತಿಳಿಸಿ.